ಒಂದೇ ಕೋಣೆ, ಮೂರು ನೆಲ: ಪ್ರತಿಬಿಂಬ ಎಲ್ಲಿ ಒಡೆಯಬೇಕು?

ಪ್ರಶ್ನೆ: “ಪುಣೆಯ ಟಿಂಬರ್ ಮಾರ್ಕೆಟ್ ಹತ್ತಿರದ ಒಂದು ಫ್ಲೋರಿಂಗ್ ಅಂಗಡಿಗೆ ಬ್ಲೆಂಡರಿನಲ್ಲಿ ಒಂದೇ ಕೋಣೆಯ ಮೂರು ಚಿತ್ರ ಮಾಡಿದ್ದೇನೆ. ಒಂದರಲ್ಲಿ ಮರದ ಹಲಗೆ, ಇನ್ನೊಂದರಲ್ಲಿ ವಿಟ್ರಿಫೈಡ್ ಟೈಲ್, ಮೂರನೆಯದರಲ್ಲಿ ಶಹಾಬಾದಿ ಕಲ್ಲು. ಬಣ್ಣ ಬಿಟ್ಟರೆ ಮೂರೂ ಒಂದೇ ರೀತಿ ಕಾಣುತ್ತವೆ. ‘ನೆಲಕ್ಕೆ ನೀರು ಚೆಲ್ಲಿದ್ದೀರಾ?’ ಎಂದು ಅಂಗಡಿಯವರು ನಕ್ಕುಬಿಟ್ಟರು. ಹಲಗೆಯನ್ನು ಉದ್ದಕ್ಕೆ ಹಾಕಬೇಕೋ ಅಡ್ಡಕ್ಕೋ ಅದೂ ತಿಳಿಯುತ್ತಿಲ್ಲ. ಕೋಣೆ 12 ಅಡಿ ಅಗಲ, 18 ಅಡಿ ಉದ್ದ. ಎದುರಿನ ಗಿಡ್ಡ ಗೋಡೆಯಲ್ಲಿ ಬಾಲ್ಕನಿಯ ಗಾಜಿನ ಬಾಗಿಲು. ಚಿತ್ರಗಳನ್ನು ಹಾಕಿದ್ದೇನೆ, ದಯವಿಟ್ಟು ನೋಡಿ ಹೇಳಿ.”

ಉತ್ತರ:

ಮೂರೂ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ತೆರೆದು ನೋಡಿದೆ. ಅಂಗಡಿಯವರ ಮೇಲೆ ಬೇಸರ ಬೇಡ, ಅವರ ಕಣ್ಣು ತಪ್ಪನ್ನು ಸರಿಯಾಗಿಯೇ ಹಿಡಿದಿದೆ. ನಿಮ್ಮ ನೆಲ ಮೂರು ಕಡೆಯೂ ಒಂದೇ ಒಂದು ಸಪಾಟು ಹಾಳೆ. ಅದರ ಮೇಲೆ ಒಮ್ಮೆ ಮರದ ಚಿತ್ರ ಅಂಟಿಸಿದ್ದೀರಿ, ಒಮ್ಮೆ ಟೈಲಿನದು, ಒಮ್ಮೆ ಕಲ್ಲಿನದು. ಬಾಲ್ಕನಿ ಬಾಗಿಲಿನ ಪ್ರತಿಬಿಂಬ ಆ ಗೋಡೆಯ ಬುಡದಿಂದ ಕ್ಯಾಮೆರಾದ ಹತ್ತಿರದವರೆಗೆ ಎಲ್ಲೂ ತಡೆಯದೆ ಬಂದಿದೆ. ಗಾಳಿಯಿಲ್ಲದ ದಿನ ಕೆರೆಯ ನೀರಿನ ಮೇಲೆ ಹಾಗೆ ಕಾಣುತ್ತದೆ, ಮನೆಯ ನೆಲದ ಮೇಲಲ್ಲ.

ಡೊಂಬಿವಲಿಯ ರಾಯರು ಮೇಲೆ ಒಂದು ಉಪಾಯ ಹೇಳಿದ್ದಾರೆ: ಟೈಲಿಗೆ IOR ಅನ್ನು 2ಕ್ಕೆ ಏರಿಸಿ, Metallic ಸ್ವಲ್ಪ ಕೊಡಿ ಎಂದು. ದೂರದ ನೆಲ ಹತ್ತಿರದ ನೆಲಕ್ಕಿಂತ ಹೆಚ್ಚು ಹೊಳೆಯಬೇಕು ಎಂದು ಅವರು ಗಮನಿಸಿದ್ದು ಸರಿ. ಔಷಧ ಮಾತ್ರ ಬೇರೆ ರೋಗದ್ದು. Metallic ಕೊಟ್ಟರೆ ಪ್ರತಿಬಿಂಬಕ್ಕೆ ನೆಲದ ಬಣ್ಣ ಹತ್ತುತ್ತದೆ. ಬಿಳಿಯ ಬಾಗಿಲು ಟೈಲಿನಲ್ಲಿ ಕೆನೆ ಬಣ್ಣಕ್ಕೆ ತಿರುಗುತ್ತದೆ, ಮರದಲ್ಲಿ ಕಂದಾಗುತ್ತದೆ. ಹಾಗಾಗುವುದು ಹಿತ್ತಾಳೆ, ತಾಮ್ರದಂಥ ಲೋಹದಲ್ಲಿ. ಪಾಲಿಶ್ ಮಾಡಿದ ಮರದ ಮೇಲೆ ಬಿಳಿ ಕಿಟಕಿ ಬಿಳಿಯಾಗಿಯೇ ಕಾಣುತ್ತದೆ. ಅನುಮಾನವಿದ್ದರೆ ಬ್ಯಾಂಕಿನ ಮರದ ಕೌಂಟರ್ ಮೇಲೆ ಟ್ಯೂಬ್‌ಲೈಟ್ ಹೇಗೆ ಕಾಣುತ್ತದೆ ನೋಡಿ ಬನ್ನಿ.

ಪ್ರತಿಫಲಿಸುವ ಶಕ್ತಿಯಲ್ಲಿ ಈ ಮೂರೂ ವಸ್ತುಗಳು ಹೆಚ್ಚುಕಡಿಮೆ ಒಂದೇ. ಮರದ ಮೇಲಿನ ಪಾಲಿಶ್ ಪದರ, ಟೈಲಿನ ಮೈ, ಉಜ್ಜಿದ ಕಲ್ಲು, ಎಲ್ಲಕ್ಕೂ IOR 1.5ರ ಆಸುಪಾಸು ಇಟ್ಟರೆ ಸಾಕು. ನಿಮ್ಮ ಕ್ಯಾಮೆರಾ ನಾಲ್ಕು ಅಡಿ ಎತ್ತರದಲ್ಲಿದೆ. ಅಲ್ಲಿಂದ ಐದಡಿ ದೂರದ ನೆಲ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 6ರಷ್ಟನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಹದಿನಾರು ಅಡಿ ದೂರದ ನೆಲ ಕಾಲು ಭಾಗಕ್ಕಿಂತ ಹೆಚ್ಚನ್ನು. ಓರೆಯಾಗಿ ನೋಡಿದಷ್ಟೂ ಹೊಳಪು ಏರುತ್ತದೆ, ಆ ಲೆಕ್ಕವನ್ನು Principled BSDF ತಾನೇ ಮಾಡುತ್ತದೆ. ನೀವು ಅದರ ಮೇಲೆ ಇನ್ನೊಂದು Fresnel ನೋಡ್ ಜೋಡಿಸಿದ್ದೀರಿ ಎಂದು ಕಾಣುತ್ತದೆ, ಅದನ್ನು ತೆಗೆಯಿರಿ. ಕಪ್ಪು ಕಡಪ ಕಲ್ಲು ಬಿಳಿ ಟೈಲಿಗಿಂತ ಹೆಚ್ಚು ಹೊಳೆಯುತ್ತದೆ ಎಂದು ನಮಗೆ ಅನ್ನಿಸುವುದೂ ಪ್ರತಿಬಿಂಬ ಜೋರಾಗಿರುವುದರಿಂದಲ್ಲ. ಕಲ್ಲು ಕಪ್ಪಾಗಿರುವುದರಿಂದ ಅದು ಎದ್ದು ಕಾಣುತ್ತದೆ, ಅಷ್ಟೇ.

ಹಾಗಾದರೆ ವ್ಯತ್ಯಾಸ ಎಲ್ಲಿ? ಪ್ರತಿಬಿಂಬ ಎಷ್ಟು ಮಸುಕಾಗುತ್ತದೆ, ಎಲ್ಲಿ ಒಡೆಯುತ್ತದೆ ಎಂಬುದರಲ್ಲಿ.

ಟೈಲಿನಿಂದ ಶುರು ಮಾಡೋಣ. ಪಾಲಿಶ್ ಟೈಲಿನಲ್ಲಿ ಬಾಗಿಲಿನ ಚೌಕಟ್ಟು ಚೆನ್ನಾಗಿ ಕಾಣಬೇಕು, Roughness 0.05ರಿಂದ 0.1 ಇರಲಿ. ಆದರೆ ಪ್ರತಿ ಸಂದಿಯಲ್ಲೂ ಆ ಚೌಕಟ್ಟು ಒಂದಿಷ್ಟು ಜರುಗಬೇಕು. ಎಂಥ ಮೇಸ್ತ್ರಿ ಹಾಕಿದರೂ 600 ಮಿಲಿಮೀಟರ್ ಟೈಲಿನ ಒಂದು ಅಂಚು ಅರ್ಧ ಮಿಲಿಮೀಟರ್ ಎದ್ದಿರುವುದು ಸಹಜ. ಕಾಲಿಗೆ ಅದು ತಿಳಿಯುವುದೇ ಇಲ್ಲ, ಆದರೆ ಐದು ಮೀಟರ್ ಆಚೆಯ ವಸ್ತುವಿನ ಪ್ರತಿಬಿಂಬವನ್ನು ಅದು ಸುಮಾರು ಎಂಟು ಮಿಲಿಮೀಟರ್ ಸರಿಸಿಬಿಡುತ್ತದೆ. ನಿಮ್ಮ ಚಿತ್ರದಲ್ಲಿ ಇಲ್ಲದ್ದು ಇದೇ. ಟೈಲುಗಳನ್ನು ಬಿಡಿಬಿಡಿ ವಸ್ತುಗಳಾಗಿ ಮಾಡಿ, ನಡುವೆ 2 ಮಿಲಿಮೀಟರ್ ಸಂದಿ ಬಿಡಿ, ಪ್ರತಿಯೊಂದರ ಮೂಲಬಿಂದು ಅದರ ನಡುವೆಯೇ ಇರುವಂತೆ ನೋಡಿಕೊಳ್ಳಿ. ಆಮೇಲೆ ಎಲ್ಲವನ್ನೂ ಆರಿಸಿಕೊಂಡು ಇದನ್ನು ಒಮ್ಮೆ ಮಾತ್ರ ಓಡಿಸಿ:

```python
import bpy, random
from math import radians
for t in bpy.context.selected_objects:
    t.rotation_euler.x += radians(random.uniform(-0.05, 0.05))
    t.rotation_euler.y += radians(random.uniform(-0.05, 0.05))
```

0.05 ಡಿಗ್ರಿ ಎಂದರೆ ಮೇಲೆ ಹೇಳಿದ ಅರ್ಧ ಮಿಲಿಮೀಟರೇ. ಆಸೆಪಟ್ಟು ಅರ್ಧ ಡಿಗ್ರಿ ಕೊಟ್ಟರೆ ಅಂಗಡಿಯವರು ಈ ಸಲ ಮೇಸ್ತ್ರಿಯನ್ನು ನೋಡಿ ನಗುತ್ತಾರೆ.

ಉಜ್ಜಿದ ಕಲ್ಲಿನದು ಇದಕ್ಕೆ ತದ್ವಿರುದ್ಧ. ಶಹಾಬಾದಿ ನಮ್ಮ ಕಲಬುರಗಿ ಜಿಲ್ಲೆಯಿಂದಲೇ ಇಲ್ಲಿಗೆ ಬಂದ ಕಲ್ಲು. ಹಳೆಯ ಪೇಠೆಗಳ ಮನೆಗಳಲ್ಲಿ ನೋಡಿರುತ್ತೀರಿ. ಕಲ್ಲು ಹಾಸಿ, ಸಂದಿಗೆ ಸಿಮೆಂಟ್ ತುಂಬಿ, ಆಮೇಲೆ ಇಡೀ ನೆಲವನ್ನು ಒಟ್ಟಿಗೆ ಯಂತ್ರದಿಂದ ಉಜ್ಜುತ್ತಾರೆ. ಎದ್ದ ಅಂಚೆಲ್ಲ ಅಲ್ಲಿಗೇ ಸವೆದುಹೋಗುತ್ತದೆ. ಹಾಗಾಗಿ ಪ್ರತಿಬಿಂಬ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಮುರಿಯದೆ ದಾಟುತ್ತದೆ; ನಡುವೆ ಹೊಳಪಿಲ್ಲದ ತೆಳ್ಳನೆಯ ಸಿಮೆಂಟ್ ಗೆರೆ ಮಾತ್ರ. ಆದರೆ ಯಂತ್ರ ಓಡಾಡಿದ ಕಡೆ ಮೈ ಸ್ವಲ್ಪ ಏರಿಳಿದಿರುತ್ತದೆ, ಬಾಗಿಲಿನ ನೇರ ಗೆರೆ ನಿಧಾನವಾಗಿ ಬಳುಕುತ್ತದೆ. ಅದಕ್ಕೆ ಒಂದೆರಡು ಅಡಿಗೊಮ್ಮೆ ಏರಿಳಿಯುವ Noise ತೆಗೆದುಕೊಂಡು ಅತಿ ಕಡಿಮೆ ಬಲದ Bump ಕೊಡಿ. ಇಲ್ಲಿ ಟೈಲಿನ ಆ ಓರೆ ಬೇಡವೇ ಬೇಡ.

ಮರಕ್ಕೆ ಬಂದರೆ, ಮೊದಲು ನಿಮ್ಮ ಚಿತ್ರದಲ್ಲಿನ ದೊಡ್ಡ ತಪ್ಪು. ಹಲಗೆ ಉದ್ದಕ್ಕಿದೆ, ಅದರೊಳಗಿನ ಮರದ ಎಳೆ ಅಡ್ಡಕ್ಕಿದೆ. ಮರ ಹಾಗೆ ಬೆಳೆಯುವುದಿಲ್ಲ. ಹಲಗೆಗಳನ್ನು ಒಂದೇ ವಸ್ತುವಿನೊಳಗಿನ ಬಿಡಿಬಿಡಿ ತುಂಡುಗಳಾಗಿ ಮಾಡಿ, ಪ್ರತಿಯೊಂದರ UVಯನ್ನು 90 ಡಿಗ್ರಿ ತಿರುಗಿಸಿ. ಜೊತೆಗೆ ಒಂದೇ ಗಂಟು ಏಳು ಹಲಗೆಗಳಲ್ಲಿ ಒಂದೇ ಜಾಗದಲ್ಲಿ ಕೂತಿದೆ, ನಾನು ಎಣಿಸಿದೆ. ಸೈಕಲ್ಸ್‌ನಲ್ಲಿ ಮಾಡುತ್ತಿದ್ದರೆ Geometry ನೋಡಿನ Random Per Island ಬಳಸಿ ಪ್ರತಿ ಹಲಗೆಯ ಚಿತ್ರವನ್ನು ಬೇರೆ ಬೇರೆ ಕಡೆ ಸರಿಸಬಹುದು.

ದಿಕ್ಕಿನ ವಿಷಯದಲ್ಲಿ ನಿಮ್ಮ ಕೋಣೆ ಸುಲಭದ್ದು. ಹಲಗೆ ಕೋಣೆಯ ಉದ್ದಕ್ಕೆ ಓಡಬೇಕು ಎನ್ನುವುದು ಒಂದು ರೂಢಿ, ಬೆಳಕು ಬರುವ ದಿಕ್ಕಿಗೆ ಓಡಬೇಕು ಎನ್ನುವುದು ಇನ್ನೊಂದು. ಬಾಗಿಲು ಗಿಡ್ಡ ಗೋಡೆಯಲ್ಲಿರುವುದರಿಂದ ಇಲ್ಲಿ ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ. ಅಡ್ಡ ಹಾಕಿದರೆ ಪ್ರತಿ ಹಲಗೆಯ ಅಂಚು ಬೆಳಕಿಗೆ ಎದುರಾಗಿ, ನೆಲ ಏಣಿಯ ಮೆಟ್ಟಿಲಿನಂತೆ ಕಾಣುತ್ತದೆ. ಕಿಟಕಿ ಉದ್ದ ಗೋಡೆಯಲ್ಲಿದ್ದರೆ ಏನು ಮಾಡಬೇಕು ಎಂಬುದರಲ್ಲಿ ನನಗೂ ನನ್ನ ಸಹೋದ್ಯೋಗಿಗೂ ಇಂದಿಗೂ ಜಗಳ. ನಾನು ಕೋಣೆಯ ಉದ್ದವನ್ನು ಹಿಡಿಯುತ್ತೇನೆ, ಅವರು ಬೆಳಕನ್ನು.

ಇನ್ನು ಅಡ್ಡ ಸಂದಿ. ನಿಮ್ಮ ಹಲಗೆ 1215 × 195 ಮಿಲಿಮೀಟರಿನ ಲ್ಯಾಮಿನೇಟ್ ಎಂದುಕೊಳ್ಳುತ್ತೇನೆ. 18 ಅಡಿಯಲ್ಲಿ ಎರಡೂ ತುದಿಗೆ 10 ಮಿಲಿಮೀಟರ್ ಬಿಟ್ಟರೆ 5466 ಉಳಿಯುತ್ತದೆ. ನಾಲ್ಕು ಪೂರ್ತಿ ಹಲಗೆ, ಮೇಲೆ 606ರ ತುಂಡು. ಕತ್ತರಿಸಿ ಉಳಿದ 609ರ ತುಂಡಿನಿಂದ ಎರಡನೆಯ ಸಾಲು ಶುರು ಮಾಡುವುದು ಕೆಲಸದವರ ಪದ್ಧತಿ. ಆದರೆ ಆ ಸಾಲಿನ ಕೊನೆಗೆ 3 ಮಿಲಿಮೀಟರ್ ಚೂರು ಮಾತ್ರ ಮಿಗುತ್ತದೆ, ಮೂರನೆಯ ಸಾಲು ಮತ್ತೆ ಪೂರ್ತಿ ಹಲಗೆಯಿಂದಲೇ ಶುರು. ಹೀಗೆ ಸಾಲು ಬಿಟ್ಟು ಸಾಲು ಸಂದಿಗಳು ಒಂದೇ ಗೆರೆಗೆ ಬಂದು ನೆಲ ಇಟ್ಟಿಗೆ ಗೋಡೆಯಂತಾಗುತ್ತದೆ, ನಿಮ್ಮ ಚಿತ್ರದಲ್ಲಿ ಆಗಿರುವುದು ಅದೇ. ಮೂರನೆಯ ಸಾಲನ್ನು ಬೇಕೆಂದೇ 400ರ ತುಂಡಿನಿಂದ, ನಾಲ್ಕನೆಯದನ್ನು 850ರಿಂದ ಶುರು ಮಾಡಿ. ಪಕ್ಕದ ಸಾಲುಗಳ ಸಂದಿಗಳ ನಡುವೆ 200 ಮಿಲಿಮೀಟರಾದರೂ ಅಂತರ ಉಳಿಸಿಕೊಳ್ಳಿ.

ಮರದ ಪ್ರತಿಬಿಂಬ ಮಸುಕು, Roughness 0.4ರ ಸುತ್ತ. ಬಾಗಿಲಿನ ಚೌಕಟ್ಟು ಬುಡದಲ್ಲಿ ಮಾತ್ರ ಗುರುತು ಸಿಗಬೇಕು. ಮೇಲಕ್ಕೆ ಹೋದಂತೆ ಕರಗಿ, ನಮ್ಮ ಕಡೆಗೆ ಚಾಚಿದ ಬೆಳಕಿನ ಪಟ್ಟಿಯಾಗಿ ಉಳಿಯಬೇಕು. ಕುರ್ಚಿಯ ಕಾಲಿನದೂ ಹಾಗೆಯೇ: ನೆಲ ಮುಟ್ಟುವಲ್ಲಿ ಸ್ಪಷ್ಟ, ಒಂದಡಿ ಮೇಲಿನದು ಮಂಜು. ಹಲಗೆಯ ಅಂಚನ್ನು ಅರ್ಧ ಮಿಲಿಮೀಟರ್ ಇಳಿಜಾರು ಮಾಡಿದರೆ ಆ ಪಟ್ಟಿಯ ಒಳಗೆ ಸಣ್ಣ ಗೆರೆಗಳು ತಾವಾಗಿ ಮೂಡುತ್ತವೆ.

ಮಡಗಾಂವಿನ ಅಕ್ಕ ತಮ್ಮ ಮನೆಯ ಲ್ಯಾಮಿನೇಟ್ ಮಳೆಗಾಲದಲ್ಲಿ ಗೋಡೆಯ ಪಕ್ಕ ಉಬ್ಬಿದ್ದನ್ನು ಹೇಳಿ, ಮೂರರಲ್ಲಿ ಯಾವುದು ಬಾಳಿಕೆ ಬರುತ್ತದೆ ಎಂದು ಕೇಳಿದ್ದಾರೆ. ಅಕ್ಕಾ, ಇಲ್ಲಿಯ ಮಾತು ಚಿತ್ರದ್ದು. ಆದರೂ ಒಮ್ಮೆ ಸ್ಕರ್ಟಿಂಗ್ ತೆಗೆಸಿ ನೋಡಿ. ಮೇಲೆ ಹೇಳಿದ 10 ಮಿಲಿಮೀಟರ್ ಜಾಗ ಬಿಡದೆ ಹಲಗೆಯನ್ನು ಗೋಡೆಗೆ ಒತ್ತಿದ್ದರೆ ಹಿಗ್ಗಲು ಎಡೆಯಿಲ್ಲದೆ ಹೀಗಾಗುತ್ತದೆ. ಜಾಗ ಇದ್ದೂ ಉಬ್ಬಿದ್ದರೆ ಎಲ್ಲಿಂದಲೋ ನೀರು ಒಳಗೆ ಇಳಿಯುತ್ತಿದೆ. ಪ್ರಶ್ನೆ ಕೇಳಿದವರೂ ಇದನ್ನು ಗಮನಿಸಿ: ನಿಮ್ಮ ಚಿತ್ರದಲ್ಲಿ ಸ್ಕರ್ಟಿಂಗ್ ಇಲ್ಲದೆ ಹಲಗೆ ನೇರವಾಗಿ ಗೋಡೆಗೆ ಕೂಡಿದೆ.

ಕೋಣೆಯ ಚಿತ್ರವನ್ನೇ ತಲೆಕೆಳಗು ಮಾಡಿ ನೆಲದ ಮೇಲೆ ಮಸುಕಾಗಿ ಕೂರಿಸಿ ಎಂದು ಇಲ್ಲಿ ಇನ್ನೊಬ್ಬರು ಬರೆದಿದ್ದಾರೆ. ಶುರುವಿನ ದಿನಗಳಲ್ಲಿ ನಾನೂ ಹಾಗೆ ಮಾಡಿ ಒಂದು ಊಟದ ಮೇಜಿನ ಚಿತ್ರ ಕೊಟ್ಟಿದ್ದೆ. ಫರಶಿ ಕೆಲಸದ ಹಿರಿಯ ಮೇಸ್ತ್ರಿಯೊಬ್ಬರು ಅದನ್ನು ನೋಡಿ, “ಮೇಜಿನ ಮೇಲಿನ ತಟ್ಟೆ ನೆಲದಲ್ಲಿ ಹೇಗೆ ಕಾಣುತ್ತದೆ? ನೆಲಕ್ಕೆ ಕಾಣುವುದು ಮೇಜಿನ ಹೊಟ್ಟೆಯಲ್ಲವೇ?” ಎಂದರು. ನೆಲ ಕೆಳಗಿನಿಂದ ಮೇಲೆ ನೋಡುತ್ತದೆ. ಸಪಾಟು ಗೋಡೆಗೆ ಈ ಉಪಾಯ ಹೇಗೋ ನಡೆದೀತು, ಮೇಜು ಕುರ್ಚಿಗೆ ನಡೆಯುವುದಿಲ್ಲ.

ಅಂಗಡಿಗೆ ಕಳಿಸುವ ಮೊದಲು ಮೂರೂ ನೆಲಗಳ Base Colorಗೆ ಒಂದೇ ಬೂದು ಬಣ್ಣ ಕೊಟ್ಟು ರೆಂಡರ್ ಮಾಡಿ, ಹೆಸರು ಹಾಕದೆ ಮನೆಯವರಿಗೆ ತೋರಿಸಿ. ಬಣ್ಣವಿಲ್ಲದೆಯೂ ಇದು ಟೈಲ್, ಇದು ಮರ ಎಂದು ಅವರು ಗುರುತಿಸಬೇಕು. ಆ ಮೂರು ಬೂದು ಚಿತ್ರಗಳನ್ನು ಇಲ್ಲಿಯೂ ಹಾಕಿ. ಹಾಗೆಯೇ ಶಹಾಬಾದಿಯನ್ನು ಪಾಲಿಶ್ ಮಾಡಿದ್ದು ಮಾರುತ್ತಾರೋ ಒರಟು ಮೈಯದ್ದೋ ಎಂದು ಅಂಗಡಿಯಲ್ಲಿ ಕೇಳಿಕೊಂಡು ಬನ್ನಿ. ಒರಟಿನದಾದರೆ ಕಲ್ಲಿನ ಬಗ್ಗೆ ನಾನು ಬರೆದದ್ದು ಹೊಂದುವುದಿಲ್ಲ: ಅದರಲ್ಲಿ ಬಾಗಿಲಿನ ಆಕಾರವೇ ಮೂಡುವುದಿಲ್ಲ, ದೂರದಲ್ಲಿ ಒಂದಿಷ್ಟು ಬೆಳಕು ಸವರಿದಂತೆ ಕಾಣುತ್ತದೆ, ಅಷ್ಟೇ.