ಕಥೆ ಕಳಿಸಿದವರಿಗೆ: ಅವಳು ಗಲ್ಲಾ ನೋಡಿದ್ದಳು, ಆದರೂ ಗೊತ್ತಾಗಲಿಲ್ಲ

*“ಬಟ್ಟೆ ಅಂಗಡಿ ನಡೆಸುವ ಹೆಂಗಸೊಬ್ಬಳು ತನ್ನ ಫೇಸ್‌ಬುಕ್ ಪೇಜಿನ ಲೈಕು ಏರುವುದನ್ನು ನೋಡಿ ಹಿಗ್ಗುತ್ತಾಳೆ. ಕೊನೆಗೆ ಕ್ಯಾಷಿಯರ್ ಅವಳಿಗೆ ಬಣಗುಡುವ ಬಿಲ್ಲಿಂಗ್ ಕೌಂಟರ್ ತೋರಿಸುತ್ತಾನೆ. ಇದು ನನ್ನ ಕಥೆ. ಓದಿದ ಗೆಳೆಯರು ‘ಕೊನೆ ನಂಬೋಕಾಗಲ್ಲ’ ಅಂದರು. ಎಲ್ಲಿ ತಪ್ಪಿದ್ದೇನೆ? ಮುಲಾಜಿಲ್ಲದೆ ಹೇಳಿ.”*

ನಮಸ್ಕಾರ.

ನಿಮ್ಮ ಗೆಳೆಯರಿಗೆ ಅನ್ನಿಸಿದ್ದು ಸರಿ. ಆದರೆ ಕಥೆ ಕೆಟ್ಟಿದ್ದು ಎರಡನೇ ಪುಟದಲ್ಲೇ. ಅಲ್ಲಿ ನಿಮ್ಮ ಮಾಲಕಿ ವ್ಯಾಪಾರ ಬಿದ್ದಿರುವುದನ್ನು ಮೂರು ತಿಂಗಳು ಗಮನಿಸುವುದೇ ಇಲ್ಲ. ಅಂಗಡಿ ಇಟ್ಟವರು ಯಾರನ್ನಾದರೂ ಕೇಳಿ ನೋಡಿ. ‘ಇವತ್ತು ಎಷ್ಟಾಯ್ತು’ ಅಂತ ಕೇಳದೆ ಯಾರೂ ಶಟರ್ ಎಳೆಯುವುದಿಲ್ಲ. ಬಾಡಿಗೆ, ಸಂಬಳ, ಸರಕು ಕೊಟ್ಟವರ ಬಾಕಿ, ಎಲ್ಲ ಅದೇ ದುಡ್ಡಿನಿಂದ ಹೋಗಬೇಕಲ್ವಾ? ಲೈಕಿನ ಸಂಭ್ರಮದಲ್ಲಿ ಅವಳು ಗಲ್ಲಾ ಮರೆತಳು ಅಂದುಬಿಟ್ಟರೆ ಓದುಗರ ಕಣ್ಣಿಗೆ ಅವಳು ಬರೀ ದಡ್ಡಿ. ಅವಳ ಪೆಟ್ಟು ಅವರಿಗೆ ತಾಗುವುದಿಲ್ಲ.

ಅವಳು ದಿನಾ ರಾತ್ರಿ ಗಲ್ಲಾ ನೋಡಲಿ. ನೋಡಿಯೂ ಅವಳಿಗೆ ಗೊತ್ತಾಗದಿರಲಿ. ನಿಮ್ಮ ಕಥೆಗೆ ಬೇಕಾದ ಗಂಟು ಇದು.

ಹಾಗೆ ಆಗಲು ಸಾಧ್ಯವೇ? ಧಾರಾಳವಾಗಿ ಸಾಧ್ಯ. ಒಟ್ಟು ಮೊತ್ತ ನೋಡುವವರಿಗೆ ಬಿಲ್ಲುಗಳ ಎಣಿಕೆ ಕಾಣಿಸುವುದಿಲ್ಲ. ಮೊದಲ ತಿಂಗಳು ಅಂಗಡಿಯಲ್ಲಿ 900 ಬಿಲ್ಲು ಆಗಿವೆ ಅಂತ ಇಟ್ಟುಕೊಳ್ಳಿ. ಎರಡನೇ ತಿಂಗಳು 750, ಮೂರನೇ ತಿಂಗಳು 600. ಆದರೆ ಮೂರನೇ ತಿಂಗಳು ಒಂದು ಕಾರ್ಖಾನೆಯವರು ಬಂದು ಕೆಲಸಗಾರರಿಗೆಲ್ಲ ಒಟ್ಟಿಗೆ ಸಮವಸ್ತ್ರ ತೆಗೆದುಕೊಂಡರು. ಆ ಒಂದೇ ಬಿಲ್ಲು ಸುಮಾರು 300 ಮಾಮೂಲಿ ಬಿಲ್ಲುಗಳಿಗೆ ಸಮ. ತಿಂಗಳ ಮೊತ್ತ ಮೊದಲ ತಿಂಗಳಷ್ಟೇ ನಿಂತಿತು. ಎರಡನೇ ತಿಂಗಳು ಕಡಿಮೆ ಆಗಿದ್ದನ್ನು ಅವಳು ‘ಸೀಸನ್ ಇಲ್ಲ’ ಅಂತ ತಳ್ಳಿಹಾಕಿದ್ದಳು. ಮೂರನೇ ತಿಂಗಳು ಮೊತ್ತ ಮತ್ತೆ ಎದ್ದಿತು. ಅದೇ ಹೊತ್ತಿಗೆ ಲೈಕೂ ಏರುತ್ತಿತ್ತು. ಎರಡನ್ನೂ ಸೇರಿಸಿ ‘ಪೇಜಿನಿಂದಲೇ ವ್ಯಾಪಾರ ಎದ್ದಿತು’ ಅಂತ ಅವಳು ನಂಬಿದರೆ, ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿದ್ದೆ. ಓದುಗರೂ ನಂಬುತ್ತಾರೆ. ಅವಳ ಜೊತೆ ಅವರೂ ಮೋಸ ಹೋಗಬೇಕು, ಆಗ ಮಾತ್ರ ಕ್ಯಾಷಿಯರ್ ಬಾಯಿ ತೆರೆಯುವ ಗಳಿಗೆಗೆ ಬೆಲೆ.

ಈಗ ಆ ಗಳಿಗೆಗೆ ಬರೋಣ. ನೀವು ಬರೆದಿರುವುದು ಹೀಗಿದೆ: “ಮೇಡಂ, ತಾವು ಭ್ರಮಾಲೋಕದಲ್ಲಿ ವಿಹರಿಸುತ್ತಿದ್ದೀರಿ. ವಾಸ್ತವವನ್ನು ನೋಡಿ.” ಆಮೇಲೆ ಅವನು ಖಾಲಿ ಕೌಂಟರಿನ ಕಡೆ ಕೈ ತೋರಿಸುತ್ತಾನೆ. ಸಂಬಳಕ್ಕಿರುವ ಯಾವ ಕ್ಯಾಷಿಯರೂ ಮಾಲಕಿಗೆ ಹೀಗೆ ಹೇಳುವುದಿಲ್ಲ. ಇನ್ನೊಂದು ತೊಂದರೆ ಇದೆ. ಮಧ್ಯಾಹ್ನದ ಹೊತ್ತು ಯಾವ ಅಂಗಡಿಯ ಕೌಂಟರಾದರೂ ಖಾಲಿ ಇರುತ್ತದೆ. ಕೈ ತೋರಿಸಿದರೆ ಅವಳು ‘ಸಂಜೆ ಜನ ಬರ್ತಾರೆ ಬಿಡು’ ಅನ್ನುತ್ತಾಳೆ, ಅಷ್ಟೇ.

ಕ್ಯಾಷಿಯರ್ ಕೈಯಲ್ಲಿ ಬೇರೆಯವರಿಗೆ ಕಾಣದ ಒಂದು ಸಾಕ್ಷಿ ಇದೆ: ಬಿಲ್ ನಂಬರ್. ಅದು ಒಂದರ ಹಿಂದೆ ಒಂದು ಏರುತ್ತಾ ಹೋಗುತ್ತದೆ. ಅವನು ಮೊದಲ ತಿಂಗಳ ಮೊದಲ ಬಿಲ್ಲು ಮತ್ತು ಕೊನೆಯ ಬಿಲ್ಲಿನ ಪ್ರತಿ ತೆಗೆದು ಮೇಜಿನ ಮೇಲೆ ಇಡಲಿ: 4101, 5000. ಪಕ್ಕದಲ್ಲಿ ಮೂರನೇ ತಿಂಗಳದ್ದು: 5751, 6350. ಅವನು ಹೇಳಬೇಕಾದ್ದು ಇಷ್ಟೇ: “ಮೇಡಂ, ಒಂದ್ನಿಮಿಷ ಇದನ್ನ ನೋಡ್ತೀರಾ?” ಲೆಕ್ಕ ಅವಳೇ ಹಾಕಲಿ. ಅವಳು ಕಳೆಯಲಿ, ನಂಬದೆ ಇನ್ನೊಂದು ಸಲ ಕಳೆಯಲಿ. ‘ನಡುವೆ ಕ್ಯಾನ್ಸಲ್ ಆದ ಬಿಲ್ಲು ಎಷ್ಟು?’ ಅಂತ ಕೇಳಲಿ. ರದ್ದಾದ ಬಿಲ್ಲಿಗೂ ನಂಬರ್ ಹೋಗಿರುತ್ತದೆ, ಅವು ಜಾಸ್ತಿ ಇದ್ದರೆ ಗಿರಾಕಿಗಳು ಇನ್ನೂ ಕಡಿಮೆ ಅಂತಲೇ ಅರ್ಥ. ಕೆಲಸ ಗೊತ್ತಿರುವ ಮಾಲಕಿ ಈ ಪ್ರಶ್ನೆ ಕೇಳಿಯೇ ಕೇಳುತ್ತಾಳೆ. ಆ ಪ್ರಶ್ನೆ ಬಂದ ಕೂಡಲೇ ಅವಳು ದಡ್ಡಿಯಲ್ಲ ಅಂತ ಓದುಗರಿಗೆ ಗೊತ್ತಾಗುತ್ತದೆ. ಒಂದು ಎಚ್ಚರ: ಬಿಲ್ ನಂಬರ್ ಮತ್ತೆ ಒಂದರಿಂದ ಶುರುವಾಗುವ ದಿನ ಈ ಮೂರು ತಿಂಗಳ ನಡುವೆ ಬರಬಾರದು. ಲೆಕ್ಕ ಬಲ್ಲವರೊಬ್ಬರು ಅದನ್ನು ಹಿಡಿದರೆ ಇಡೀ ದೃಶ್ಯ ಕುಸಿಯುತ್ತದೆ.

ಇನ್ನು ಲೈಕು. ಅವು ಏಕೆ ಏರಿದವು ಅಂತ ನಿಮ್ಮ ಕಥೆಯಲ್ಲಿ ಎಲ್ಲೂ ಇಲ್ಲ. ‘ದಿನೇ ದಿನೇ ಏರಿದವು’ ಅಂತ ಇದೆ, ಸಾಲದು. ನೀವು ಮೂರನೇ ಪುಟದಲ್ಲಿ ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ಸ್ಪರ್ಧೆ ಇದೆಯಲ್ಲ, ‘ಪೇಜ್ ಲೈಕ್ ಮಾಡಿ, ಮೂವರನ್ನು ಟ್ಯಾಗ್ ಮಾಡಿ, ಬಹುಮಾನ ಗೆಲ್ಲಿ’, ಅದರಲ್ಲೇ ಉತ್ತರ ಇದೆ. ಅಂಥ ಸ್ಪರ್ಧೆಗೆ ಬಹುಮಾನ ಬೇಕಾದವರು ಬರುತ್ತಾರೆ. ಅವರು ಅಂಗಡಿಗೆ ಹತ್ತಿರ ಇರಬೇಕು ಅಂತ ಏನೂ ಇಲ್ಲ, ಬಟ್ಟೆ ಬೇಕಾಗಿರಬೇಕು ಅಂತಲೂ ಇಲ್ಲ. ಆಮೇಲೆ ಅವಳು ದುಡ್ಡು ಕೊಟ್ಟು ಪೋಸ್ಟನ್ನು ಬೂಸ್ಟ್ ಮಾಡುತ್ತಾಳೆ. ಅಲ್ಲಿ ಏನು ಬೇಕು ಅಂತ ಒಂದು ಗುರಿ ಆರಿಸಬೇಕು. ಪ್ರತಿಕ್ರಿಯೆ ಬೇಕು ಅಂತ ಆರಿಸಿದರೆ ಫೇಸ್‌ಬುಕ್ ಆ ಪೋಸ್ಟನ್ನು ಲೈಕು, ಕಾಮೆಂಟು ಮಾಡುವ ಸಾಧ್ಯತೆ ಹೆಚ್ಚಿರುವವರಿಗೆ ಹುಡುಕಿ ತೋರಿಸುತ್ತದೆ. ಅದು ಕೇಳಿದ್ದನ್ನೇ ಕೊಟ್ಟಿತು. ಲೈಕು ಕೇಳಿದಳು, ಲೈಕು ಬಂತು. ಗಿರಾಕಿಯನ್ನು ಕೇಳಿರಲೇ ಇಲ್ಲ. ಯಾರೂ ಮೋಸ ಮಾಡದೆ ಅವಳು ಮೋಸ ಹೋದದ್ದು ಹೀಗೆ. ನನಗೆ ಕಥೆಯಲ್ಲಿ ತುಂಬಾ ನೋವು ಕಾಣುವ ಜಾಗ ಇದು. ದಯವಿಟ್ಟು ಇದಕ್ಕೆ ಒಂದು ಪುಟ ಕೊಡಿ. ಅವಳು ಬೆರಳಿಟ್ಟು ಆ ಗುರಿ ಆರಿಸುವುದನ್ನು ನಾವು ನೋಡಬೇಕು.

ಪೇಜಿನಲ್ಲಿ ಹಿಂಬಾಲಕರು ಯಾವ ಯಾವ ಊರಿನವರು ಅಂತ ತೋರಿಸುವ ಪಟ್ಟಿ ಇರುತ್ತದೆ. ಬಿಲ್ ನಂಬರ್ ನೋಡಿದ ರಾತ್ರಿ ಅವಳು ಅದನ್ನು ಮೊದಲ ಸಲ ತೆರೆಯಲಿ. ತನ್ನ ಊರು ಪಟ್ಟಿಯಲ್ಲಿ ಎಲ್ಲೋ ಕೆಳಗೆ ಸಿಗಲಿ. ಅಲ್ಲಿ ನೀವು ಏನೂ ವಿವರಿಸಬೇಡಿ.

ಕೊನೆಯಲ್ಲಿ ಅವಳು ಪೇಜನ್ನೇ ಅಳಿಸಿಹಾಕುತ್ತಾಳೆ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಬಿಲ್ಲು ಇಳಿದದ್ದು ಲೈಕಿನಿಂದ ಅಲ್ಲ. ಲೈಕು ಆ ಇಳಿತವನ್ನು ಮುಚ್ಚಿತು, ಅಷ್ಟೇ. ಲೈಕು ಒತ್ತದೆ ಸುಮ್ನೆ ಪೇಜ್ ನೋಡಿ ಅಂಗಡಿಗೆ ಬರುವವರೂ ಇದ್ದಾರೆ, ಅವರನ್ನೂ ನೀವು ಅಳಿಸಿಹಾಕಿದ ಹಾಗಾಯಿತು. ಹಾಗಾದರೆ ಕಡಿಮೆಯಾದ ಆ 300 ಬಿಲ್ಲು ಎಲ್ಲಿ ಹೋದವು? ಕಥೆ ಈ ಪ್ರಶ್ನೆಯನ್ನು ಕೇಳಲೇಬೇಕು. ಉತ್ತರ ನಿಮ್ಮ ಕಥೆಯಲ್ಲೇ ಬಿದ್ದಿದೆ, ನೀವು ಎತ್ತಿಕೊಂಡಿಲ್ಲ. ವಿಡಿಯೋ ಮಾಡಲು ಅವಳು ಸೇಲ್ಸ್ ಹುಡುಗಿಯರಿಬ್ಬರನ್ನು ದಿನಾ ಸಂಜೆ ಮಹಡಿಗೆ ಕರೆಯುತ್ತಾಳೆ ಅಂತ ಒಂದು ಕಡೆ ಬರೆದಿದ್ದೀರಿ. ಸಂಜೆಯೇ ಗಿರಾಕಿ ಬರುವ ಹೊತ್ತು. ಬಟ್ಟೆಯ ಮಡಿಕೆ ಬಿಚ್ಚಿ ತೋರಿಸುವವರು ಇಲ್ಲದೆ ಎಷ್ಟು ಜನ ಬಾಗಿಲಲ್ಲೇ ವಾಪಸ್ಸು ಹೋದರು ಅಂತ ಕೌಂಟರಿನಲ್ಲಿ ಕೂತ ಕ್ಯಾಷಿಯರಿಗೆ ಗೊತ್ತು. ಬಿಲ್ಲಿನ ಮೇಲೆ ಗಂಟೆಯೂ ಅಚ್ಚಾಗಿರುತ್ತದೆ. ಸಂಜೆ ಆರರಿಂದ ಎಂಟರ ಬಿಲ್ಲುಗಳೇ ಕಡಿಮೆ ಆಗಿವೆ ಅಂತ ಅವನು ತೋರಿಸಬಲ್ಲ. ಇದನ್ನು ಹೇಳಲು ಅವನು ಹಿಂಜರಿಯಲಿ. ಯಾಕೆಂದರೆ ಈ ಸಲ ಅವನು ಬೊಟ್ಟು ಮಾಡುತ್ತಿರುವುದು ಮಾಲಕಿಯ ನಿರ್ಧಾರದ ಕಡೆಗೇ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಮರೀಚಿಕೆ’, ‘ಡಿಜಿಟಲ್ ಮಾಯೆ’ ತೆಗೆಯಿರಿ. ಮೊದಲ ಪುಟದ ಬೆಳಗಿನ ವರ್ಣನೆಯೂ ಬೇಡ.

ಈ ರೂಪದಲ್ಲಿ ಕಥೆಯನ್ನು ನಾವು ಪ್ರಕಟಿಸುವುದಿಲ್ಲ. ಎರಡನೇ ಪುಟದಿಂದ ಹೊಸದಾಗಿ ಬರೆಯಿರಿ. ಬರೆಯುವ ಮುಂಚೆ ಪರಿಚಯದ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರ್ ಪಕ್ಕ ಒಂದು ಸಂಜೆ ಕೂತು ಬನ್ನಿ. ರಾತ್ರಿ ಲೆಕ್ಕ ಮುಗಿಸುವಾಗ ಯಾವ ಹಾಳೆ ಮೊದಲು ಹೊರಗೆ ಬರುತ್ತದೆ, ಅದರಲ್ಲಿ ಯಾವ ಸಾಲನ್ನು ಯಜಮಾನರು ಮೊದಲು ಓದುತ್ತಾರೆ, ಯಾವುದನ್ನು ಓದುವುದೇ ಇಲ್ಲ ಅಂತ ಗಮನಿಸಿ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳಿಸಿ, ಓದುತ್ತೇನೆ.

— ಸಂಪಾದಕ