ನಾಲ್ಕು ಎಣ್ಣೆಗಳ ಕೊಬ್ಬಿನಾಮ್ಲಗಳು ಮತ್ತು ನಾಲ್ಕು ಜನರ ಒಂದು ಮನೆಯ ಲೆಕ್ಕ

ಪ್ರಶ್ನೆ: ನಾವು ದಾವಣಗೆರೆಯವರು, ಮನೆಯಲ್ಲಿ ನಾಲ್ಕು ಜನ. ತಿಂಗಳಿಗೆ 2 ಲೀಟರ್ ಶೇಂಗಾ ಎಣ್ಣೆ, ಅರ್ಧ ಕೆಜಿ ತುಪ್ಪ ಆಗುತ್ತದೆ. ಪರಿಚಯದವರೊಬ್ಬರು ಕೊಬ್ಬರಿ ಎಣ್ಣೆಗೆ ಬದಲಾಯಿಸಿ ಅಂತಾರೆ, ದೆಹಲಿಯಲ್ಲಿರುವ ತಮ್ಮ ಸಾಸಿವೆ ಎಣ್ಣೆಯೇ ಹೃದಯಕ್ಕೆ ಒಳ್ಳೆಯದು ಅಂತಾನೆ. ನಿಜವಾಗಿ ಯಾವುದು ಸರಿ?

ನಿಮ್ಮ ಮನೆಯಲ್ಲಿ ಶೇಂಗಾ ಎಣ್ಣೆಯನ್ನು ಬಿಡಬೇಕಾದ ಕಾರಣ ನನಗೆ ಕಾಣುವುದಿಲ್ಲ. ಅದರಲ್ಲಿ ಇಲ್ಲದ ಒಂದು ಕೊಬ್ಬಿನಾಮ್ಲವನ್ನು ಬೇರೆ ಕಡೆಯಿಂದ ಪಡೆದುಕೊಂಡರೆ ಮತ್ತು ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸದಿದ್ದರೆ ಸಾಕು. ನಾನು ಚಳ್ಳಕೆರೆಯ ಎಣ್ಣೆ ಗಿರಣಿಯೊಂದರ ಪರೀಕ್ಷಾಲಯದಲ್ಲಿ ಹಲವು ವರ್ಷ ಕೆಲಸ ಮಾಡಿದವನಾದ್ದರಿಂದ, ಅಲ್ಲಿ ದಿನವೂ ನೋಡುತ್ತಿದ್ದ ಒಂದು ಸಂಖ್ಯೆಯಿಂದಲೇ ವಿವರಣೆಯನ್ನು ಆರಂಭಿಸುತ್ತೇನೆ.

ಆ ಸಂಖ್ಯೆಯ ಹೆಸರು ಅಯೋಡಿನ್ ಮೌಲ್ಯ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರಿಕೊಳ್ಳುತ್ತದೆ ಎಂಬುದನ್ನು ಅದು ಹೇಳುತ್ತದೆ, ಮತ್ತು ಅಯೋಡಿನ್ ಹೋಗಿ ಸೇರುವುದು ಕೊಬ್ಬಿನಾಮ್ಲದ ಸರಪಳಿಯಲ್ಲಿರುವ ದ್ವಿಬಂಧಗಳಿಗೆ ಮಾತ್ರ. ದ್ವಿಬಂಧವೇ ಇಲ್ಲದ ಆಮ್ಲವನ್ನು ಪರ್ಯಾಪ್ತ ಅಥವಾ ಸ್ಯಾಚುರೇಟೆಡ್ ಎನ್ನುತ್ತಾರೆ. ಕೊಬ್ಬರಿ ಎಣ್ಣೆಯ ಅಯೋಡಿನ್ ಮೌಲ್ಯ ಸುಮಾರು 8ರಿಂದ 10, ತುಪ್ಪದ್ದು 30ರ ಆಸುಪಾಸು, ಶೇಂಗಾ ಎಣ್ಣೆಯದು 85ರಿಂದ 99, ಸಾಸಿವೆ ಎಣ್ಣೆಯದು 100ರ ಹಿಂದೆ ಮುಂದೆ ಇರುತ್ತದೆ. ಈ ಸಂಖ್ಯೆ ಏರಿದಂತೆ ಎಣ್ಣೆಯು ಗಾಳಿ ಮತ್ತು ಬಿಸಿಗೆ ಬೇಗ ಕೆಡುತ್ತದೆ, ಆದರೆ ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸುವ ಗುಣ ಕಡಿಮೆಯಾಗುತ್ತದೆ. ಬಾಣಲೆಗೆ ಹಿತವಾದದ್ದು ರಕ್ತನಾಳಕ್ಕೂ ಹಿತವಾಗಿರಬೇಕೆಂದಿಲ್ಲ. ನಿಮಗೆ ಸಲಹೆ ಕೊಟ್ಟವರು ಈ ಎರಡನ್ನು ಬೆರೆಸಿರಬಹುದು.

ಈಗ ನಿಮ್ಮ ಲೆಕ್ಕವನ್ನೇ ಮಾಡೋಣ. 2 ಲೀಟರ್ ಶೇಂಗಾ ಎಣ್ಣೆ ಸುಮಾರು 1,820 ಗ್ರಾಂ ತೂಗುತ್ತದೆ. ಅದರಲ್ಲಿ ಪರ್ಯಾಪ್ತ ಕೊಬ್ಬು ಸುಮಾರು ಶೇ. 18, ಅಂದರೆ 330 ಗ್ರಾಂ. ತುಪ್ಪದಲ್ಲಿ ಅದು ಶೇ. 62ರಷ್ಟು ಇರುವುದರಿಂದ ನಿಮ್ಮ ಅರ್ಧ ಕೆಜಿಯಲ್ಲಿ 310 ಗ್ರಾಂ ಬರುತ್ತದೆ. ಎರಡು ಲೀಟರ್ ಎಣ್ಣೆ ತಂದಷ್ಟನ್ನೇ ಅರ್ಧ ಕೆಜಿ ತುಪ್ಪವೂ ತಂದಿದೆ ಎಂಬುದನ್ನು ಗಮನಿಸಿ. ಎರಡನ್ನೂ ಕೂಡಿ ನಾಲ್ಕು ಜನಕ್ಕೆ, ಮೂವತ್ತು ದಿನಕ್ಕೆ ಹಂಚಿದರೆ ಒಬ್ಬರಿಗೆ ದಿನಕ್ಕೆ ಐದು ಗ್ರಾಂಗಿಂತ ಸ್ವಲ್ಪ ಹೆಚ್ಚು. ದಿನಕ್ಕೆ 2,000 ಕಿಲೋಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, ಅಂದರೆ ಒಟ್ಟು ಶಕ್ತಿಯ ಶೇ. 10, ಸುಮಾರು 22 ಗ್ರಾಂ ಆಗುತ್ತದೆ. ಹಾಲು, ಮೊಸರಿಗೆ, ಭಾನುವಾರದ ಬೆಣ್ಣೆದೋಸೆಗೂ ಅದರಲ್ಲಿ ಜಾಗ ಉಳಿಯುತ್ತದೆ.

ಅದೇ 2 ಲೀಟರನ್ನು ಕೊಬ್ಬರಿ ಎಣ್ಣೆಯಲ್ಲಿ ತೆಗೆದುಕೊಂಡರೆ, ಅದರಲ್ಲಿ ಶೇ. 90ರಷ್ಟು ಪರ್ಯಾಪ್ತವಾದ್ದರಿಂದ, ಒಬ್ಬರ ಪಾಲು ದಿನಕ್ಕೆ 16 ಗ್ರಾಂಗೆ ಏರುತ್ತದೆ. ಎರಡು ಲೋಟ ಗಟ್ಟಿ ಹಾಲು ಸೇರಿದರೆ ಮಿತಿ ದಾಟಿತು. ಕೊಬ್ಬರಿ ಎಣ್ಣೆಯ ಕೊಬ್ಬು ಗಿಡ್ಡ ಸರಪಳಿಯದು, ಅದು ಬೇಗ ಉರಿದು ಹೋಗುತ್ತದೆ ಎಂಬ ವಾದವನ್ನು ನೀವು ಕೇಳಿರುತ್ತೀರಿ. ಹಾಗೆ ನೇರವಾಗಿ ಯಕೃತ್ತಿಗೆ ಹೋಗಿ ಉರಿಯುವ 8 ಮತ್ತು 10 ಇಂಗಾಲದ ಆಮ್ಲಗಳು ಅದರಲ್ಲಿ ಇರುವುದು ಸುಮಾರು ಶೇ. 15 ಮಾತ್ರ. ಅರ್ಧದಷ್ಟಿರುವ ಲಾರಿಕ್ ಆಮ್ಲಕ್ಕೆ 12 ಇಂಗಾಲಗಳಿದ್ದು, ಅದರ ಹೆಚ್ಚಿನ ಭಾಗ ಉದ್ದ ಸರಪಳಿಯ ಕೊಬ್ಬಿನ ದಾರಿಯಲ್ಲೇ ರಕ್ತ ಸೇರುತ್ತದೆ. ಅದು ಒಳ್ಳೆಯ ಕೊಲೆಸ್ಟರಾಲನ್ನು ಏರಿಸುವುದು ನಿಜ, ಆದರೆ ಕೆಟ್ಟದ್ದನ್ನೂ ಏರಿಸುತ್ತದೆ. ಪಲ್ಯಕ್ಕೆ, ಅವಿಯಲಿಗೆ ಕೊನೆಯಲ್ಲಿ ಒಂದು ಚಮಚ ಹಾಕಿಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ.

ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಸಾಸಿವೆ ಎಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಶೇ. 10ನ್ನೂ ಮುಟ್ಟುವುದಿಲ್ಲ, ಮತ್ತು ಒಮೆಗಾ-3 ಜಾತಿಯ ಆಲ್ಫಾ ಲಿನೋಲೆನಿಕ್ ಆಮ್ಲ ಸುಮಾರು ಶೇ. 10 ಇರುತ್ತದೆ. ಶೇಂಗಾ ಎಣ್ಣೆಯಲ್ಲಿ ಅದು ಇಲ್ಲವೆಂದೇ ಹೇಳಬೇಕು, ನಾನು ಮೊದಲು ಹೇಳಿದ ಕೊರತೆ ಇದೇ. ಆದರೆ ನಮ್ಮ ದೇಶದ ಸಾಂಪ್ರದಾಯಿಕ ಸಾಸಿವೆ ತಳಿಗಳ ಎಣ್ಣೆಯಲ್ಲಿ 22 ಇಂಗಾಲದ ಎರೂಸಿಕ್ ಆಮ್ಲ ಶೇ. 40ರಿಂದ 50ರವರೆಗೆ ಇರುತ್ತದೆ, ಮತ್ತು ಅಯೋಡಿನ್ ಮೌಲ್ಯ ಇದನ್ನು ತಿಳಿಸುವುದಿಲ್ಲ. ಇಲಿಗಳಿಗೆ ಇದನ್ನು ಹೆಚ್ಚಾಗಿ ತಿನ್ನಿಸಿದಾಗ ಹೃದಯದ ಸ್ನಾಯುವಿನಲ್ಲಿ ಕೊಬ್ಬು ಸೇರಿತು. ಮನುಷ್ಯರಲ್ಲಿ ಅಂಥ ಹಾನಿ ಸಾಬೀತಾಗಿಲ್ಲ, ಆದರೂ ಯೂರೋಪು ಇದಕ್ಕೆ ಮಿತಿ ಹಾಕಿದೆ, ಅಮೆರಿಕದಲ್ಲಿ ಈ ಎಣ್ಣೆಯ ಬಾಟಲಿಗಳ ಮೇಲೆ ಹೊರ ಬಳಕೆಗೆ ಮಾತ್ರ ಎಂದು ಬರೆದಿರುತ್ತದೆ. ಹೊಗೆ ಬರುವವರೆಗೆ ಕಾಯಿಸಿದರೆ ಘಾಟು ಹೋಗುತ್ತದೆಯೇ ಹೊರತು ಎರೂಸಿಕ್ ಆಮ್ಲ ಹೋಗುವುದಿಲ್ಲ. ಉತ್ತರದವರು ತಲೆಮಾರುಗಳಿಂದ ತಿಂದಿದ್ದಾರೆ, ನಾನು ಅದನ್ನು ವಿಷ ಎನ್ನುವುದಿಲ್ಲ. ಆದರೆ ಒಮೆಗಾ-3ಗಾಗಿ ಮಾತ್ರ ಇಡೀ ಮನೆಯ ಎಣ್ಣೆಯನ್ನು ಬದಲಿಸುವ ಅಗತ್ಯವಿಲ್ಲ, ಏಕೆಂದರೆ ನಮ್ಮಲ್ಲಿ ಅಗಸೆ ಚಟ್ನಿಪುಡಿ ಇದೆ. ಅಗಸೆ ಬೀಜದಲ್ಲಿ ಸುಮಾರು ಶೇ. 40 ಎಣ್ಣೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಆಮ್ಲ. ನಿಮ್ಮ 2 ಲೀಟರನ್ನು ಪೂರ್ತಿ ಸಾಸಿವೆ ಎಣ್ಣೆ ಮಾಡಿದರೆ ಒಬ್ಬರಿಗೆ ದಿನಕ್ಕೆ ಸಿಗುವುದು ಒಂದೂವರೆ ಗ್ರಾಂ. ಏಳೆಂಟು ಗ್ರಾಂ ಅಗಸೆಯನ್ನು ಹದವಾಗಿ ಹುರಿದು ಪುಡಿ ಮಾಡಿ ರೊಟ್ಟಿಯ ಜೊತೆ ತಿಂದರೆ ಅಷ್ಟೇ ಸಿಗುತ್ತದೆ. ಪುಡಿ ಬೇಗ ಕನರುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಮಾಡಿಕೊಳ್ಳಿ.

ಇನ್ನು ಕರಿಯುವ ವಿಷಯ. ದಾವಣಗೆರೆಯವರಿಗೆ ಮಂಡಕ್ಕಿ ಜೊತೆ ಮಿರ್ಚಿ ಬೇಡವೆನ್ನಲು ನಾನು ಸಿದ್ಧನಿಲ್ಲ. ಶೇಂಗಾ ಎಣ್ಣೆಯ ಸುಮಾರು ಮೂರನೇ ಒಂದು ಭಾಗ ಲಿನೋಲಿಕ್ ಆಮ್ಲ. ಬಿಸಿಯಲ್ಲಿ ಗಾಳಿಗೆ ಮೊದಲು ಸಿಗುವುದೇ ಅದು, ಮತ್ತು ಹಸಿ ಮೆಣಸಿನಕಾಯಿ, ಹಿಟ್ಟಿನ ನೀರು ಕೊಬ್ಬನ್ನು ಒಡೆದು ಬಿಡಿ ಆಮ್ಲಗಳನ್ನು ಹೆಚ್ಚಿಸುವುದರಿಂದ ಪ್ರತಿ ಸಲ ಕಾಯಿಸಿದಾಗಲೂ ಎಣ್ಣೆ ಹಿಂದಿನ ಸಲಕ್ಕಿಂತ ಬೇಗ ಹೊಗೆಯಾಡುತ್ತದೆ. ಗಾಣದ ಎಣ್ಣೆಯಲ್ಲಿ ಗಸಿ ಇರುವುದರಿಂದ ಶುದ್ಧೀಕರಿಸಿದ್ದಕ್ಕಿಂತ ಮೊದಲೇ ಹೊಗೆ ಬರುತ್ತದೆ, ಆದ್ದರಿಂದ ಅದನ್ನು ಒಗ್ಗರಣೆಗೆ, ಪಲ್ಯಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಹಾಕಿದ ಬಜ್ಜಿಯ ಸುತ್ತ ಎದ್ದ ನೊರೆ ಬಜ್ಜಿ ತೆಗೆದ ಮೇಲೂ ಇಳಿಯದಿದ್ದರೆ, ಬಾಣಲೆಯ ಅಂಚಿನಲ್ಲಿ ಅಂಟು ಅಂಟಾದ ಕಂದು ಪೊರೆ ಕಟ್ಟಿದ್ದರೆ, ಆ ಎಣ್ಣೆ ಮುಗಿದಿದೆ ಎಂದೇ ತಿಳಿಯಿರಿ. ಅಂಗಡಿಗಳಿಗೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ಹಾಕಿರುವ ಮಿತಿ, ಒಟ್ಟು ಧ್ರುವೀಯ ಪದಾರ್ಥಗಳು ಶೇ. 25 ಮೀರಬಾರದು ಎಂಬುದು, ಇದೇ ಹಾಳಾಗುವಿಕೆಯ ಅಳತೆ. ಮನೆಯಲ್ಲಿ ಚಿಕ್ಕ ಬಾಣಲೆಗೆ ಕಾಲು ಲೀಟರ್ ಹಾಕಿ ಕರಿಯಿರಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಸ್ಟೀಲ್ ಡಬ್ಬಿಯಲ್ಲಿಟ್ಟು ಎರಡು ಮೂರು ದಿನದೊಳಗೆ ಪಲ್ಯಕ್ಕೆ ಮುಗಿಸಿ. ಕಬ್ಬಿಣದ ಬಾಣಲೆಯಲ್ಲಿ ಹಾಗೇ ಬಿಡಬೇಡಿ, ಲೋಹ ಎಣ್ಣೆಯನ್ನು ಬೇಗ ಕನರಿಸುತ್ತದೆ. ಉಳಿದ ಕೊಬ್ಬರಿ ಎಣ್ಣೆಯನ್ನು ಇದಕ್ಕೆ ಬೆರೆಸುವುದೂ ಬೇಡ, ಎರಡೂ ಸೇರಿದ ಎಣ್ಣೆ ಕರಿಯುವಾಗ ಉಕ್ಕಿ ಒಲೆಯ ಮೇಲೆ ಸುರಿಯಬಹುದು.