ಸ್ಕ್ರೀನ್‌ಶಾಟನ್ನು ಕುಗ್ಗಿಸಬೇಡಿ, ಅದರ ಅಗಲವನ್ನು ಪುಟಕ್ಕೆ ತಿಳಿಸಿ

ಪ್ರಶ್ನೆ: ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ತೆಗೆದ ಸ್ಕ್ರೀನ್‌ಶಾಟ್ ವೆಬ್ ಪುಟದಲ್ಲಿ ವಿಪರೀತ ದೊಡ್ಡದಾಗಿ ಕಾಣುತ್ತದೆ, ಚಿಕ್ಕದು ಮಾಡಿದರೆ ಮಸುಕಾಗುತ್ತದೆ. ಪಿಎನ್‌ಜಿ ಬಿಟ್ಟು ಜೆಪೆಗ್‌ನಲ್ಲಿ ಉಳಿಸಿದರೆ ಸರಿಹೋಗುತ್ತದೆಯೇ?

ಸರಿಹೋಗುವುದಿಲ್ಲ. ಒಂದು ತಂತ್ರಾಂಶಕ್ಕೆ ಬಳಕೆದಾರರ ಕೈಪಿಡಿ ಬರೆಯುತ್ತಿದ್ದಾಗ ನಾನು ಚಿತ್ರಗಳನ್ನು ಚಿಕ್ಕದು ಮಾಡಿ, ಜೆಪೆಗ್‌ನಲ್ಲಿಯೇ ಉಳಿಸಿ, ತೊಂಬತ್ತು ಚಿತ್ರಗಳನ್ನು ಮತ್ತೆ ತೆಗೆಯಬೇಕಾಯಿತು.

ಅದರಲ್ಲಿದ್ದ ಸೆಟ್ಟಿಂಗ್ಸ್ ಕಿಟಕಿಯನ್ನೇ ತೆಗೆದುಕೊಳ್ಳೋಣ. ಪರದೆಯ ಲೆಕ್ಕದಲ್ಲಿ ಅದರ ಅಳತೆ 800 ಅಗಲ, 500 ಎತ್ತರ. ಆದರೆ ನನ್ನ ಪರದೆಯ ಸ್ಕೇಲ್ 200 ಪ್ರತಿಶತ ಇದ್ದುದರಿಂದ, ಲೆಕ್ಕದ ಒಂದೊಂದು ಪಿಕ್ಸೆಲ್ಲಿನ ಜಾಗದಲ್ಲಿ ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡರಂತೆ ನಾಲ್ಕು ನಿಜವಾದ ಪಿಕ್ಸೆಲ್‌ಗಳಿದ್ದವು. ಸ್ಕ್ರೀನ್‌ಶಾಟ್ ಸೆರೆಹಿಡಿಯುವುದು ಈ ನಿಜವಾದ ಪಿಕ್ಸೆಲ್‌ಗಳನ್ನು. ಹಾಗಾಗಿ ಕಡತದ ಅಳತೆ 1600 x 1000 ಆಯಿತು. ಅಗಲ ಎಷ್ಟೆಂದು ಪುಟದಲ್ಲಿ ಹೇಳದೆ ಇದ್ದಾಗ ಬ್ರೌಸರ್ ಆ 1600ನ್ನು ಲೆಕ್ಕದ ಪಿಕ್ಸೆಲ್ ಎಂದೇ ತಿಳಿದು, ಚಿತ್ರವನ್ನು ದುಪ್ಪಟ್ಟು ಅಗಲಕ್ಕೆ ಹರಡಿತು. ನಿಮಗೆ ವಿಪರೀತ ದೊಡ್ಡದಾಗಿ ಕಾಣುತ್ತಿರುವುದು ಇದೇ ಕಾರಣಕ್ಕೆ. ಕಡತದಲ್ಲಿ ದೋಷವೇನೂ ಇಲ್ಲ.

ನಾನು ಮಾತ್ರ ದೋಷ ಕಡತದಲ್ಲಿದೆ ಎಂದು ತೀರ್ಮಾನಿಸಿ, ಎಲ್ಲ ಚಿತ್ರಗಳನ್ನೂ ಅರ್ಧಕ್ಕೆ ಕುಗ್ಗಿಸಿ, ಮೂಲ ಕಡತಗಳ ಮೇಲೆಯೇ ಉಳಿಸಿಬಿಟ್ಟೆ. ಮೇಜಿನ ಮೇಲಿದ್ದ ಹಳೆಯ ಮಾನಿಟರಿನಲ್ಲಿ ನೋಡಿದಾಗ ಎಲ್ಲವೂ ಸರಿಯಾಗಿಯೇ ಕಂಡಿತು, ಏಕೆಂದರೆ ಅದರ ಸ್ಕೇಲ್ 100 ಪ್ರತಿಶತ. ಹೆಚ್ಚಿನ ರೆಸಲ್ಯೂಶನ್ನಿನ ಪರದೆಯಿದ್ದ ಓದುಗರಿಗೆ ಮಾತ್ರ ಸುತ್ತಲಿನ ಪಠ್ಯ ಸ್ಫುಟವಾಗಿಯೂ ಚಿತ್ರದೊಳಗಿನ ಅಕ್ಷರ ಮಂಜಾಗಿಯೂ ಕಾಣುತ್ತಿತ್ತು. ಇಲ್ಲಿ ಎರಡು ಬಾರಿ ನಷ್ಟವಾಗಿದೆ ಎಂಬುದನ್ನು ಗಮನಿಸಿ. ಕುಗ್ಗಿಸುವಾಗ ನಾಲ್ಕು ಪಿಕ್ಸೆಲ್‌ಗಳ ಬಣ್ಣ ಕಲೆತು ಒಂದಾಗುತ್ತದೆ, ಕಪ್ಪು ಗೆರೆಯ ಅಂಚು ಬೂದು ಬಣ್ಣಕ್ಕೆ ತಿರುಗುತ್ತದೆ. ತೋರಿಸುವಾಗ ಬ್ರೌಸರ್ ಆ ಒಂದು ಪಿಕ್ಸೆಲನ್ನು ಮತ್ತೆ ನಾಲ್ಕರ ಜಾಗಕ್ಕೆ ಹಿಗ್ಗಿಸುತ್ತದೆ. ಹೋದ ವಿವರ ಹಿಗ್ಗಿಸಿದ ಮಾತ್ರಕ್ಕೆ ಬರುವುದಿಲ್ಲ. ನನ್ನ ಚಿತ್ರಗಳಲ್ಲಿ ಒತ್ತಕ್ಷರಗಳ ಒಳಗಿನ ಸಣ್ಣ ಬಿಳಿ ಜಾಗಗಳು ಮುಚ್ಚಿಹೋಗಿದ್ದವು. ಅಷ್ಟರಲ್ಲಿ ತಂತ್ರಾಂಶದ ಮುಂದಿನ ಆವೃತ್ತಿ ಬಂದು ಹಲವು ಕಿಟಕಿಗಳ ರೂಪವೇ ಬದಲಾಗಿತ್ತು. ಮೂಲ ಕಡತಗಳೂ ಇರಲಿಲ್ಲ.

ಮಾಡಬೇಕಾಗಿದ್ದುದು ಇಷ್ಟೇ: 1600ರ ಕಡತವನ್ನು ಹಾಗೆಯೇ ಬಿಟ್ಟು, ತೋರಿಸುವ ಅಳತೆಯನ್ನು ಪುಟದಲ್ಲಿ ಬರೆಯುವುದು.

```html
<img src="settings.png" width="800" height="500">
```

ನಿಮ್ಮ ಪರದೆಯಲ್ಲಿ ಎಷ್ಟರಿಂದ ಭಾಗಿಸಬೇಕೆಂದು ತಿಳಿಯಲು, ಪುಟದ ಜೂಮ್ 100 ಪ್ರತಿಶತ ಇರುವಾಗ ಬ್ರೌಸರಿನ ಕನ್ಸೋಲಿನಲ್ಲಿ `window.devicePixelRatio` ಎಂದು ಬರೆದು ನೋಡಿ. 2 ಬಂದರೆ ಅರ್ಧ, 1.5 ಬಂದರೆ 1200ರ ಚಿತ್ರಕ್ಕೆ 800. ಆದರೆ 1.5ರ ಪರದೆಯಲ್ಲಿ ತೆಗೆದದ್ದು 2ರ ಪರದೆಯಲ್ಲಿ ತುಸು ಮೃದುವಾಗಿ ಕಾಣುವುದು ತಪ್ಪದು, ಆದ್ದರಿಂದ ಸಾಧ್ಯವಿದ್ದರೆ ತೆಗೆಯುವಾಗಲೇ ಸ್ಕೇಲನ್ನು 200 ಪ್ರತಿಶತಕ್ಕೆ ಇಟ್ಟುಕೊಳ್ಳಿ.

ಇನ್ನು ಜೆಪೆಗ್ ವಿಷಯ. ಅದು ಅಳತೆಯನ್ನು ಬದಲಿಸುವುದಿಲ್ಲ, ಅಕ್ಷರಗಳನ್ನು ಮಾತ್ರ ಕೆಡಿಸುತ್ತದೆ. ಚಿತ್ರವನ್ನು 8 x 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಪ್ರತಿ ಚೌಕದ ಸೂಕ್ಷ್ಮ ಏರಿಳಿತಗಳನ್ನು ಕೈಬಿಡುವ ಈ ವಿಧಾನ ಫೋಟೋಗಳಿಗೆ ಚೆನ್ನಾಗಿ ಒಗ್ಗುತ್ತದೆ. ಬಿಳಿಯ ಮೇಲಿನ ಕಪ್ಪು ಅಕ್ಷರದ ಸುತ್ತ ಮಾತ್ರ ಧೂಳು ಮೆತ್ತಿದಂತಹ ಚುಕ್ಕೆಗಳನ್ನು ಉಳಿಸುತ್ತದೆ. ಅದರ ಜೊತೆಗೆ ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಮಾತ್ರ ಇಟ್ಟುಕೊಳ್ಳುತ್ತದೆ. ನನ್ನ ಕೈಪಿಡಿಯಲ್ಲಿ ಕೆಂಪು ಅಕ್ಷರದ ಎಚ್ಚರಿಕೆಯ ಸಾಲೊಂದಿತ್ತು. ಎಲ್ಲಕ್ಕಿಂತ ಹೆಚ್ಚು ಕೆಟ್ಟದ್ದು ಅದೇ, ಕೆಂಪು ಬಣ್ಣ ಅಕ್ಷರದ ಅಂಚು ದಾಟಿ ಹರಡಿಕೊಂಡಿತ್ತು.

ಪಿಎನ್‌ಜಿ ಒಂದು ಪಿಕ್ಸೆಲನ್ನೂ ಕಳೆಯುವುದಿಲ್ಲ, ಮತ್ತು ಒಂದೇ ಬಣ್ಣದ ವಿಶಾಲ ಜಾಗಗಳಿರುವ ಕಿಟಕಿಗಳನ್ನು ತೀರ ಚಿಕ್ಕದಾಗಿಯೇ ಅಡಕಗೊಳಿಸುತ್ತದೆ. ಆದ್ದರಿಂದ ಕಿಟಕಿ, ಪಟ್ಟಿ, ಕೋಡ್, ಕೋಷ್ಟಕಗಳಿಗೆ ಪಿಎನ್‌ಜಿಯನ್ನೇ ಬಳಸಿ. ಕಡತ ಭಾರವೆನಿಸಿದರೆ ಬಣ್ಣಗಳನ್ನು 256ಕ್ಕೆ ಇಳಿಸಿ ಉಳಿಸಿ. ಅಕ್ಷರಗಳ ಅಂಚು ಹಾಗೆಯೇ ಇರುತ್ತದೆ, ನಯವಾಗಿ ಬದಲಾಗುವ ಬಣ್ಣಗಳಿದ್ದರೆ ಮಾತ್ರ ಪಟ್ಟೆಗಳು ಕಾಣಬಹುದು. ಪರದೆಯ ತುಂಬ ಫೋಟೋ ಅಥವಾ ವೀಡಿಯೊ ದೃಶ್ಯವಿದ್ದಾಗ ಪಿಎನ್‌ಜಿ ಬಹಳ ದೊಡ್ಡದಾಗುತ್ತದೆ, ಅಲ್ಲಿ ಜೆಪೆಗ್ ಆಗಬಹುದು. ಈಗಾಗಲೇ ಜೆಪೆಗ್ ಮಾಡಿರುವುದನ್ನು ಮರಳಿ ಪಿಎನ್‌ಜಿ ಮಾಡಿದರೆ ಆ ಚುಕ್ಕೆಗಳೂ ಜೊತೆಯಲ್ಲೇ ಉಳಿಯುತ್ತವೆ, ಕಡತವೂ ದೊಡ್ಡದಾಗುತ್ತದೆ. ಅಂತಹ ಚಿತ್ರಗಳನ್ನು ಹೊಸದಾಗಿ ತೆಗೆಯುವುದೊಂದೇ ದಾರಿ.